ಲಂಡನ್ನಿಂದ ವಾಪಸ್ ಬಂದ ಮೇಲೆ ನಿದ್ದೆ ಸರಿಮಾಡಿಕೊಳ್ಳುವುದು: ಮೆಲಟೋನಿನ್ ಯಾವಾಗ, ಎಷ್ಟು, ಮಕ್ಕಳಿಗೆ ಕೊಡಬಹುದಾ?

ಬೆಂಗಳೂರಿನಿಂದ ಲಂಡನ್ನಿಗೆ ಹೋಗುವಾಗ ನಿದ್ದೆಯ ತೊಂದರೆ ಅಷ್ಟಾಗಿ ಕಾಡುವುದಿಲ್ಲ. ಸಂಜೆ ಬೇಗ ಕಣ್ಣು ಎಳೆಯುತ್ತದೆ, ಬೆಳಗಿನ ಜಾವ ಎಚ್ಚರವಾಗುತ್ತದೆ, ಮೂರ್ನಾಲ್ಕು ದಿನಕ್ಕೆ ಸರಿಹೋಗುತ್ತದೆ. ವಾಪಸ್ ಬಂದಾಗಲೇ ನಿಜವಾದ ಪರದಾಟ. ರಾತ್ರಿ ಮೂರಾದರೂ ಮಕ್ಕಳು ಮಂಚದ ಮೇಲೆ ಕುಣಿಯುತ್ತಿರುತ್ತಾರೆ, ಬೆಳಿಗ್ಗೆ ಸ್ಕೂಲ್ ಬಸ್ಸಿನ ಹೊತ್ತಿಗೆ ಎಬ್ಬಿಸಿದರೂ ಏಳುವುದಿಲ್ಲ. ದೊಡ್ಡವರು ಆಫೀಸಿನ ಮೀಟಿಂಗಿನಲ್ಲಿ ತೂಕಡಿಸುತ್ತಾರೆ. ಆಗ ಯಾರೋ ಒಬ್ಬರು ಮೆಲಟೋನಿನ್ ಹೆಸರು ಹೇಳುತ್ತಾರೆ. ಮೆಡಿಕಲ್ ಶಾಪಿನಿಂದ ಒಂದು ಸ್ಟ್ರಿಪ್ ಮನೆಗೆ ಬರುತ್ತದೆ. ಅದನ್ನು ಎಷ್ಟು ಹೊತ್ತಿಗೆ ನುಂಗಬೇಕು ಅನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಈ ಮಾತ್ರೆಯ ವಿಷಯದಲ್ಲಿ ಎಷ್ಟು ಮಿಲಿಗ್ರಾಂ ಅನ್ನುವುದಕ್ಕಿಂತ ಎಷ್ಟು ಗಂಟೆಗೆ ಅನ್ನುವುದು ಮುಖ್ಯ. ಹಾಗಾಗಿ ಅದರಿಂದಲೇ ಶುರು ಮಾಡೋಣ.

ಮೊದಲು: ನಿಮ್ಮ ದೇಹಕ್ಕೆ ಈಗ ಎಷ್ಟು ಗಂಟೆ?

ಮೆಲಟೋನಿನ್ ನಿದ್ದೆ ಮಾತ್ರೆ ಅಲ್ಲ. ನಮ್ಮ ಮೆದುಳಿನ ಪೀನಿಯಲ್ ಗ್ರಂಥಿ ಕತ್ತಲಾದ ಮೇಲೆ ಇದನ್ನು ತಾನೇ ಬಿಡುಗಡೆ ಮಾಡುತ್ತದೆ. ಸಾಮಾನ್ಯವಾಗಿ ಇದು ಶುರುವಾಗುವುದು ನಾವು ಮಲಗುವ ಹೊತ್ತಿಗೆ ಸುಮಾರು ಎರಡು ಗಂಟೆ ಮುಂಚೆ. ‘ರಾತ್ರಿ ಆಯ್ತು’ ಅಂತ ದೇಹಕ್ಕೆ ಸುದ್ದಿ ಮುಟ್ಟಿಸುವುದಷ್ಟೇ ಇದರ ಕೆಲಸ. ಮಾತ್ರೆ ತೆಗೆದುಕೊಂಡರೂ ಅದೇ ಸುದ್ದಿ ಹೋಗುತ್ತದೆ, ಆದರೆ ನೀವು ಕೊಟ್ಟ ಹೊತ್ತಿಗೆ ಹೋಗುತ್ತದೆ. ದೇಹದ ಲೆಕ್ಕದಲ್ಲಿ ಮಧ್ಯಾಹ್ನದ ಕೊನೆಗೆ ಅಥವಾ ಸಂಜೆ ಕೊಟ್ಟರೆ ನಿದ್ದೆಯ ಹೊತ್ತು ಬೇಗಕ್ಕೆ ಬರುತ್ತದೆ. ದೇಹದ ಲೆಕ್ಕದಲ್ಲಿ ಬೆಳಿಗ್ಗೆ ಕೊಟ್ಟರೆ ಅದು ಇನ್ನಷ್ಟು ತಡಕ್ಕೆ ಹೋಗುತ್ತದೆ. ಮಾತ್ರೆ ಒಂದೇ, ಫಲ ಉಲ್ಟಾ.

ಬೆಳಕು ಕೂಡ ಇದೇ ರೀತಿ ಎರಡು ಕಡೆಗೂ ಎಳೆಯುತ್ತದೆ, ಮಾತ್ರೆಗಿಂತ ಬಲವಾಗಿ ಎಳೆಯುತ್ತದೆ. ನಾವು ರೂಢಿಯಲ್ಲಿ ಏಳುವ ಹೊತ್ತಿಗೆ ಎರಡರಿಂದ ಮೂರು ಗಂಟೆ ಮುಂಚೆ ನಮ್ಮ ಮೈಬಿಸಿ ಅತಿ ಕಡಿಮೆ ಇರುತ್ತದೆ. ಅದನ್ನು ತಿರುವಿನ ಹೊತ್ತು ಅಂತ ಕರೆಯೋಣ. ಅದಕ್ಕಿಂತ ಮುಂಚೆ ಕಣ್ಣಿಗೆ ಜೋರು ಬೆಳಕು ಬಿದ್ದರೆ ನಿದ್ದೆ ತಡಕ್ಕೆ ಹೋಗುತ್ತದೆ, ಆದ ಮೇಲೆ ಬಿದ್ದರೆ ಬೇಗಕ್ಕೆ ಬರುತ್ತದೆ.

ಲಂಡನ್ ಚಳಿಗಾಲದಲ್ಲಿ ನಮಗಿಂತ ಐದೂವರೆ ಗಂಟೆ ಹಿಂದಿದೆ, ಬೇಸಿಗೆಯಲ್ಲಿ ನಾಲ್ಕೂವರೆ ಗಂಟೆ. ಕ್ರಿಸ್‌ಮಸ್ ರಜೆಗೆ ಹೋಗಿ ಬಂದವರ ಲೆಕ್ಕ ಹಾಕೋಣ. ಅಲ್ಲಿ ರಾತ್ರಿ 11ಕ್ಕೆ ಮಲಗಿ ಬೆಳಿಗ್ಗೆ 7ಕ್ಕೆ ಏಳುತ್ತಿದ್ದವರಿಗೆ ತಿರುವಿನ ಹೊತ್ತು ಅಲ್ಲಿನ ಬೆಳಗಿನ ಜಾವ ನಾಲ್ಕೂವರೆಯ ಸುಮಾರಿಗೆ. ಅದಕ್ಕೆ ಐದೂವರೆ ಸೇರಿಸಿ: ಬೆಂಗಳೂರಿನಲ್ಲಿ ಬೆಳಿಗ್ಗೆ 10 ಗಂಟೆ. ಅವರಿಗೆ ತಾನಾಗಿಯೇ ನಿದ್ದೆ ಬರುವುದು ಇಲ್ಲಿನ ಬೆಳಗಿನ ನಾಲ್ಕೂವರೆಗೆ. ಈ ಎರಡು ಹೊತ್ತನ್ನು ವಿಮಾನ ಹತ್ತುವ ಮುಂಚೆಯೇ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನದೆಲ್ಲ ಇದರ ಮೇಲೇ ನಿಂತಿದೆ.

ಒಂದು ಮನೆಯ ಲೆಕ್ಕ

ನನ್ನ ಅಕ್ಕ, ಭಾವ ಮತ್ತು ಅವರ ಒಂಬತ್ತು ವರ್ಷದ ಮಗಳು ಹೀಗೆ ಜನವರಿಯಲ್ಲಿ ಲಂಡನ್ನಿಂದ ಬಂದರು. ಮನೆ ಜಯನಗರದಲ್ಲಿ. ವಿಮಾನ ಇಳಿದದ್ದು ಶನಿವಾರ ಬೆಳಿಗ್ಗೆ 5ಕ್ಕೆ. ಸೋಮವಾರ ಸ್ಕೂಲು, ಬಸ್ಸು ಏಳೂಕಾಲಿಗೆ. ಹೊರಡುವ ಮುಂಚೆಯೇ ಅಕ್ಕ ಫೋನ್ ಮಾಡಿದ್ದಳು.

“ಭಾನುವಾರ ರಾತ್ರಿ ಎಲ್ಲರೂ ಒಂದೊಂದು ಮಾತ್ರೆ ತಗೊಂಡು ಮಲಗಿಬಿಟ್ರೆ ಆಗಲ್ವಾ?”

“ಭಾನುವಾರಕ್ಕೆ ಕಾಯಬೇಡ ಅಕ್ಕ. ಶನಿವಾರ ಬೆಳಿಗ್ಗೆಯಿಂದಲೇ ಶುರು ಮಾಡು. ಮೊದಲನೇ ಕೆಲಸ ಮಾತ್ರೆಯದ್ದಲ್ಲ, ತಂಪು ಕನ್ನಡಕದ್ದು.”

ಅದು ಹೇಗೆ ಅಂದರೆ, ಶನಿವಾರ ಬೆಳಿಗ್ಗೆ 5ಕ್ಕೆ ಅವರ ದೇಹಕ್ಕೆ ರಾತ್ರಿ ಹನ್ನೊಂದೂವರೆ. ಇಮಿಗ್ರೇಷನ್, ಲಗೇಜ್ ಮುಗಿಸಿ ಕ್ಯಾಬ್ ಹತ್ತಿ ಹೆಬ್ಬಾಳ ದಾಟುವ ಹೊತ್ತಿಗೆ ಸೂರ್ಯ ಹುಟ್ಟಿರುತ್ತಾನೆ. ಆ ಬಿಸಿಲು ಅವರ ತಿರುವಿನ ಹೊತ್ತಿಗೆ ಮೂರು ಗಂಟೆ ಮುಂಚೆ ಕಣ್ಣಿಗೆ ಬೀಳುತ್ತದೆ. ನಿದ್ದೆಯನ್ನು ತಪ್ಪು ದಿಕ್ಕಿಗೆ ತಳ್ಳುವ ಬೆಳಕು ಅದು. ‘ಊರಿಗೆ ಬಂದ ಮೊದಲ ದಿನವೇ ಲಾಲ್‌ಬಾಗಿಗೆ ವಾಕಿಂಗ್ ಹೋದರೆ ಎಲ್ಲ ಸರಿಹೋಗುತ್ತೆ’ ಅಂತ ಹಿರಿಯರು ಹೇಳುತ್ತಾರಲ್ಲ, ಲಂಡನ್ನಿಂದ ಬಂದವರು ಮೊದಲ ಎರಡು ದಿನ ಅದನ್ನು ಮಾಡಲೇಬಾರದು. ಬೆಳಗಿನ ವಾಕಿಂಗ್ ಒಳ್ಳೆಯದೇ, ಆದರೆ ಈ ಎರಡು ದಿನ ಅದು ನಿದ್ದೆಯನ್ನು ಇನ್ನಷ್ಟು ಕೆಡಿಸುತ್ತದೆ.

ಹಾಗಾಗಿ ಕ್ಯಾಬಿನಲ್ಲಿ ಮೂವರೂ ಕಪ್ಪು ಕನ್ನಡಕ ಹಾಕಿಕೊಂಡರು. ಮನೆಗೆ ಬಂದು ಪರದೆ ಎಳೆದು ಮಲಗಿದರು. ಅಲಾರಂ ಇಟ್ಟದ್ದು 10 ಗಂಟೆಗೆ. ಈ ಅಲಾರಂ ತಪ್ಪಿಸಬೇಡಿ. ಮಧ್ಯಾಹ್ನ ಎರಡರವರೆಗೆ ಮಲಗಿಬಿಟ್ಟರೆ ರಾತ್ರಿ ಯಾವ ಮಾತ್ರೆಯೂ ಕೈ ಹಿಡಿಯುವುದಿಲ್ಲ. ಹತ್ತೂವರೆಯಿಂದ ಹನ್ನೆರಡೂವರೆಯವರೆಗೆ ಮೂವರೂ ಹೊರಗಿದ್ದರು. ಸ್ವಲ್ಪ ಹೊತ್ತು ಟೆರೇಸಿನಲ್ಲಿ ಬಟ್ಟೆ ಒಣಹಾಕುತ್ತಾ, ಆಮೇಲೆ ತರಕಾರಿಗೆ ಅಂತ ಫೋರ್ತ್ ಬ್ಲಾಕಿನ ಕಡೆ ನಡೆದುಕೊಂಡು. ಈಗಿನ ಬಿಸಿಲು ನಿದ್ದೆಯನ್ನು ಬೇಗಕ್ಕೆ ಎಳೆಯುತ್ತದೆ. ಕನ್ನಡಕ ತೆಗೆದಿರಬೇಕು. ಮನೆಯೊಳಗಿನ ಟ್ಯೂಬ್‌ಲೈಟು ಇದಕ್ಕೆ ಸಾಲದು.

ಊಟ ಇಲ್ಲಿನ ಹೊತ್ತಿಗೇ. ಹಗಲು ತಡೆಯಲಾರದಷ್ಟು ನಿದ್ದೆ ಬಂದರೆ ಅರ್ಧ ಗಂಟೆ ಮಲಗಬಹುದು, ಜಾಸ್ತಿ ಬೇಡ. ಮಧ್ಯಾಹ್ನದ ಮೇಲೆ ಕಾಫಿ ಬಿಟ್ಟರೆ ಒಳ್ಳೆಯದು.

ರಾತ್ರಿ ಒಂಬತ್ತೂವರೆಗೆ ದೊಡ್ಡವರಿಬ್ಬರೂ ಮಾತ್ರೆ ತೆಗೆದುಕೊಂಡರು, ಹತ್ತೂವರೆಗೆ ದೀಪ ಆರಿಸಿದರು. ಇಲ್ಲಿನ ಒಂಬತ್ತೂವರೆ ಅಂದರೆ ಲಂಡನ್ನಿನ ಸಂಜೆ 4. ಅವರ ದೇಹ ತಾನಾಗಿ ಮೆಲಟೋನಿನ್ ಶುರು ಮಾಡುವುದು ಅಲ್ಲಿನ 9ಕ್ಕೆ. ಅದಕ್ಕೆ ಐದು ಗಂಟೆ ಮುಂಚೆ ಮಾತ್ರೆ ಹೊಟ್ಟೆಗೆ ಹೋಯಿತು. ನಿದ್ದೆಯನ್ನು ಬೇಗಕ್ಕೆ ತರುವುದಕ್ಕೆ ಇದು ಹೇಳಿ ಮಾಡಿಸಿದ ಹೊತ್ತು. ಲಂಡನ್–ಬೆಂಗಳೂರು ಪ್ರಯಾಣಕ್ಕೆ ಮೆಲಟೋನಿನ್ ಚೆನ್ನಾಗಿ ಒಗ್ಗುವುದು ಈ ಕಾರಣಕ್ಕೇ: ಇಲ್ಲಿ ಮಲಗುವ ಹೊತ್ತೂ, ದೇಹಕ್ಕೆ ಮಾತ್ರೆ ಬೇಕಾದ ಹೊತ್ತೂ ಒಂದೇ ಕಡೆ ಬೀಳುತ್ತವೆ.

ಭಾನುವಾರ ತಿರುವಿನ ಹೊತ್ತು 9ಕ್ಕೆ ಬಂದಿರುತ್ತದೆ, ಸೋಮವಾರ 8ಕ್ಕೆ, ಮಂಗಳವಾರ 7ಕ್ಕೆ. ಪೂರ್ವಕ್ಕೆ ಬಂದಾಗ ದೇಹ ದಿನಕ್ಕೆ ಸುಮಾರು ಒಂದು ಗಂಟೆಯಷ್ಟೇ ಸರಿಯುತ್ತದೆ. ಮಾತ್ರೆ, ಬೆಳಕು ಎರಡೂ ಸರಿಯಾಗಿ ಕೂಡಿದರೆ ಸ್ವಲ್ಪ ಬೇಗ, ತಪ್ಪಿದರೆ ಇನ್ನೂ ನಿಧಾನ. ಆದ್ದರಿಂದ ಬಿಸಿಲಿಗೆ ಹೋಗುವ ಹೊತ್ತನ್ನೂ ದಿನಕ್ಕೊಂದು ಗಂಟೆ ಬೇಗಕ್ಕೆ ತನ್ನಿ. ಮಾತ್ರೆಯ ಹೊತ್ತು ಮಾತ್ರ ಒಂಬತ್ತೂವರೆಯಿಂದ ಕದಲಬಾರದು. ನಾಲ್ಕೈದು ರಾತ್ರಿ ಸಾಕು, ಆಮೇಲೆ ನಿಲ್ಲಿಸಿ. ಅಕ್ಕ, ಭಾವ ಬುಧವಾರ ರಾತ್ರಿ ಕೊನೆಯ ಮಾತ್ರೆ ತೆಗೆದುಕೊಂಡರು.

ಸೋಮವಾರ ಬೆಳಿಗ್ಗೆ ಆರಕ್ಕೆ ಎದ್ದಾಗ ಮಗುವಿನ ದೇಹಕ್ಕೆ ಇನ್ನೂ ನಡುರಾತ್ರಿ. ಅದನ್ನು ಯಾವ ಮಾತ್ರೆಯೂ ಬದಲಾಯಿಸಲಾರದು. ಐದೂವರೆ ಗಂಟೆ ಸರಿಯಬೇಕಾದ ದೇಹ ಎರಡು ದಿನದಲ್ಲಿ ಸರಿದಿರುವುದು ಎರಡು, ಎರಡೂವರೆ ಗಂಟೆ. ಸಾಧ್ಯವಿದ್ದರೆ ಸ್ಕೂಲು ಶುರುವಾಗುವ ನಾಲ್ಕೈದು ದಿನ ಮುಂಚೆ ಬರುವಂತೆ ಟಿಕೆಟ್ ಮಾಡಿಸಿ. ಅದರಿಂದ ಸಿಗುವ ಲಾಭ ಮಾತ್ರೆಯಿಂದ ಸಿಗುವುದಿಲ್ಲ. ಆಗದಿದ್ದರೆ ಕ್ಲಾಸ್ ಟೀಚರಿಗೆ ಒಂದು ಮಾತು ಹೇಳಿಡಿ.

ಎಷ್ಟು ಮಿಲಿಗ್ರಾಂ?

ಜೆಟ್‌ಲ್ಯಾಗಿಗೆ ಮೆಲಟೋನಿನ್ ಬಗ್ಗೆ ನಡೆದ ಹತ್ತು ಪರೀಕ್ಷೆಗಳನ್ನು ಒಟ್ಟಿಗೆ ನೋಡಿದ ಕಾಕ್ರೇನ್ ಅನ್ನುವ ವೈದ್ಯಕೀಯ ಸಂಶೋಧನಾ ಸಂಸ್ಥೆಯ ವಿಮರ್ಶೆ 2002ರಲ್ಲಿ ಬಂತು. ಐದು ಅಥವಾ ಅದಕ್ಕಿಂತ ಹೆಚ್ಚು ಸಮಯವಲಯ ದಾಟಿದವರಲ್ಲಿ ಒಂಬತ್ತು ಪರೀಕ್ಷೆಗಳು ಪ್ರಯೋಜನ ಕಂಡವು. ತಲುಪಿದ ಊರಿನ ಮಲಗುವ ಹೊತ್ತಿಗೆ, ಅಂದರೆ ರಾತ್ರಿ 10ರಿಂದ 12ರ ನಡುವೆ, ಮಾತ್ರೆ ತೆಗೆದುಕೊಂಡಿದ್ದರು. ಅರ್ಧ ಮಿಲಿಗ್ರಾಂನಿಂದ 5 ಮಿಲಿಗ್ರಾಂವರೆಗೆ ಜೆಟ್‌ಲ್ಯಾಗ್ ಕಡಿಮೆಯಾಗುವುದರಲ್ಲಿ ದೊಡ್ಡ ವ್ಯತ್ಯಾಸ ಇರಲಿಲ್ಲ. 5 ತೆಗೆದುಕೊಂಡವರಿಗೆ ನಿದ್ದೆ ಬೇಗ ಹತ್ತಿತು, ಚೆನ್ನಾಗಿಯೂ ಬಂತು, ಅಷ್ಟೇ. ಐದಕ್ಕಿಂತ ಜಾಸ್ತಿ ತೆಗೆದುಕೊಂಡು ಏನೂ ಲಾಭವಿಲ್ಲ. ಪಶ್ಚಿಮಕ್ಕೆ ಹೋಗುವಾಗ ಪ್ರಯೋಜನ ಕಡಿಮೆ ಅನ್ನುವುದೂ ಅಲ್ಲೇ ಕಂಡುಬಂತು.

ನಮ್ಮಲ್ಲಿ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವುದು 3, 5, 10 ಮಿಲಿಗ್ರಾಂ ಮಾತ್ರೆ. ದೊಡ್ಡವರಿಗೆ 3 ಸಾಕು. ಮೊದಲ ಸಲ ತೆಗೆದುಕೊಳ್ಳುವವರು, ವಯಸ್ಸಾದವರು ಅದರಲ್ಲಿ ಅರ್ಧದಿಂದ ಶುರು ಮಾಡಲಿ. ಬೆಳಿಗ್ಗೆ ತಲೆ ಭಾರ ಅನ್ನಿಸಿದರೆ ಡೋಸ್ ಜಾಸ್ತಿಯಾಗಿದೆ, ಇಲ್ಲವೇ ತಡವಾಗಿ ತೆಗೆದುಕೊಂಡಿದ್ದೀರಿ. ಅಂಥ ಬೆಳಿಗ್ಗೆ ಗಾಡಿ ಓಡಿಸಬೇಡಿ.

ಸ್ಟ್ರಿಪ್ ತಿರುಗಿಸಿ ಹಿಂದೆ ಓದಿ. ಹೆಸರಿನ ಜೊತೆ ಎಸ್‌ಆರ್ ಅಥವಾ ಪಿಆರ್ ಅಂತ ಇದ್ದರೆ ಅದು ನಿಧಾನವಾಗಿ ಕರಗುವ ಮಾತ್ರೆ. ಜೆಟ್‌ಲ್ಯಾಗಿಗೆ ಅದು ಅಷ್ಟಾಗಿ ಫಲ ಕೊಡುವುದಿಲ್ಲ. ದೇಹಕ್ಕೆ ಒಂದು ಹೊತ್ತಿನ ಸುದ್ದಿ ಚುರುಕಾಗಿ ಮುಟ್ಟಬೇಕು, ರಾತ್ರಿಯೆಲ್ಲ ಎಳೆಯುವುದರಿಂದ ಉಪಯೋಗವಿಲ್ಲ. ಅದನ್ನು ಅರ್ಧ ಮುರಿಯುವ ಹಾಗೂ ಇಲ್ಲ. ಅಶ್ವಗಂಧವೋ ಇನ್ನೇನೋ ಬೆರೆಸಿದ ಗಮ್ಮಿಗಳನ್ನು ಬಿಟ್ಟು ಬರೀ ಮೆಲಟೋನಿನ್ ಇರುವುದನ್ನು ಕೇಳಿ ತನ್ನಿ.

ಎಲ್ಲಿ ಎಡವುತ್ತಾರೆ

ಹೆಚ್ಚಿನವರು ಎಡವುವುದು ರಾತ್ರಿ ಎರಡೂವರೆ, ಮೂರಕ್ಕೆ. ಎಚ್ಚರವಾಗುತ್ತದೆ, ಮತ್ತೆ ನಿದ್ದೆ ಹತ್ತುವುದಿಲ್ಲ, ಕೈ ಸ್ಟ್ರಿಪ್ಪಿನ ಕಡೆ ಹೋಗುತ್ತದೆ. ಆ ಹೊತ್ತಿಗೆ ದೇಹವೇ ತನ್ನ ಮೆಲಟೋನಿನ್ ಬಿಡುತ್ತಿರುತ್ತದೆ. ಇನ್ನೊಂದು ಮಾತ್ರೆಯಿಂದ ನಿದ್ದೆಯ ಹೊತ್ತು ಸರಿಯುವುದಿಲ್ಲ, ಬೆಳಗಿನ ಮಂಪರು ಮಾತ್ರ ಗಟ್ಟಿ. ಎದ್ದು ಮಂದ ಬೆಳಕಿನಲ್ಲಿ ಕೂತಿರಿ, ಫೋನ್ ಬೇಡ, ನಿದ್ದೆ ಬಂದಾಗ ಮಲಗಿ.

ಇನ್ನೊಂದು, ‘ಮಧ್ಯಾಹ್ನ ಒಂದು ಗಂಟೆ ಗಟ್ಟಿಯಾಗಿ ಮಲಗೋಣ’ ಅಂತ ಊಟಕ್ಕೆ ಮುಂಚೆ ಮಾತ್ರೆ ನುಂಗುವುದು. ಇಲ್ಲಿನ ಮಧ್ಯಾಹ್ನ 12 ಅಂದರೆ ಲಂಡನ್ ಹೊತ್ತಿನಲ್ಲಿ ಬೆಳಿಗ್ಗೆ ಆರೂವರೆ. ದೇಹದ ಬೆಳಿಗ್ಗೆ ಕೊಟ್ಟ ಮಾತ್ರೆ ನಿದ್ದೆಯನ್ನು ತಡಕ್ಕೆ ತಳ್ಳುತ್ತದೆ ಅಂತ ಮೊದಲೇ ಹೇಳಿದೆನಲ್ಲ, ಇದು ಅದೇ. ನಾಲ್ಕು ದಿನ ಕಳೆದರೂ ನಿದ್ದೆ ಬರುವ ಹೊತ್ತು ಒಂದಿಷ್ಟೂ ಬೇಗಕ್ಕೆ ಬಂದಿಲ್ಲ ಅಂದರೆ, ಮಾತ್ರೆಯನ್ನು ಬೈಯುವ ಮುಂಚೆ ಈ ಎರಡು ತಪ್ಪನ್ನೂ ಬೆಳಗಿನ ಬಿಸಿಲನ್ನೂ ಪರೀಕ್ಷಿಸಿ.

ಕೆಲವರು ಡಾಕ್ಟರನ್ನು ಕೇಳದೆ ಮುಟ್ಟಲೇಬಾರದು. ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರು, ಫಿಟ್ಸ್ ಇರುವವರು, ಬಿಪಿಗೆ ನಿಫೆಡಿಪಿನ್ ತೆಗೆದುಕೊಳ್ಳುವವರು, ಗರ್ಭಿಣಿಯರು, ಎದೆಹಾಲು ಕುಡಿಸುವವರು. ಮನೋರೋಗಕ್ಕೆ ಕೊಡುವ ಫ್ಲುವಾಕ್ಸಮಿನ್ ಜೊತೆಗಂತೂ ಬೇಡವೇ ಬೇಡ. ಅದು ರಕ್ತದಲ್ಲಿ ಮೆಲಟೋನಿನ್ ಮಟ್ಟವನ್ನು ಬಹಳ ಏರಿಸುತ್ತದೆ. ಮದ್ಯದ ಜೊತೆ, ಬೇರೆ ನಿದ್ದೆ ಮಾತ್ರೆಯ ಜೊತೆಯೂ ಕೂಡದು. ಮಕ್ಕಳನ್ನು ನೋಡಲು ವಿದೇಶಕ್ಕೆ ಹೋಗಿಬರುವ ಅಪ್ಪ ಅಮ್ಮಂದಿರ ಮಾತ್ರೆ ಡಬ್ಬಿಯಲ್ಲಿ ಇವುಗಳಲ್ಲಿ ಒಂದಾದರೂ ಇರುವ ಸಾಧ್ಯತೆ ಜಾಸ್ತಿ. ಡಬ್ಬಿ ತೆರೆದು ನೋಡಿಯೇ ಕೊಡಿ.

ಮಕ್ಕಳಿಗೆ

ಅಕ್ಕನ ಮಗಳಿಗೆ ಅವರ ಮಕ್ಕಳ ಡಾಕ್ಟರು ಹೇಳಿದ್ದು ಇಷ್ಟು: ಮೊದಲ ಎರಡು ರಾತ್ರಿ ಏನೂ ಕೊಡಬೇಡಿ, ಬೆಳಕು ಮತ್ತು ಊಟದ ಹೊತ್ತು ಮಾತ್ರ ಸರಿಯಾಗಿರಲಿ. ಆಮೇಲೂ ತೀರಾ ತಡವಾದರೆ 1 ಮಿಲಿಗ್ರಾಂ, ಮಲಗುವುದಕ್ಕೆ ಒಂದು ಗಂಟೆ ಮುಂಚೆ, ಮೂರು ರಾತ್ರಿ ಮಾತ್ರ. ಕೊಡುವ ಪ್ರಸಂಗ ಬರಲಿಲ್ಲ. ಮಂಗಳವಾರ ರಾತ್ರಿ ಹನ್ನೊಂದರೊಳಗೆ ಮಲಗಿದಳು, ಶುಕ್ರವಾರದ ಹೊತ್ತಿಗೆ ಒಂಬತ್ತೂವರೆಗೆ ಕಣ್ಣು ತೂಗುತ್ತಿತ್ತು.

ಎಲ್ಲ ಮಕ್ಕಳಿಗೂ ಹೀಗೇ ಆಗುತ್ತದೆ ಅಂತಲ್ಲ. ಆದರೆ ಒಂದು ವಾರದ ಜೆಟ್‌ಲ್ಯಾಗಿಗೆ ಮಗುವಿಗೆ ಹಾರ್ಮೋನ್ ಕೊಡುವ ಅಗತ್ಯ ಹೆಚ್ಚಾಗಿ ಬರುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಕೊಡಲೇಬೇಕಾದರೆ ಮಕ್ಕಳ ಡಾಕ್ಟರ್ ಹೇಳಿದ ಮೇಲೆಯೇ. ಅರ್ಧ ಅಥವಾ 1 ಮಿಲಿಗ್ರಾಂನಿಂದ ಶುರು, ಕೆಲವೇ ರಾತ್ರಿ. ದೊಡ್ಡವರ 10 ಮಿಲಿಗ್ರಾಂ ಮಾತ್ರೆಯನ್ನು ಮುರಿದು ಅಂದಾಜಿನಲ್ಲಿ ಕೊಡಬೇಡಿ. ಇನ್ನೂ ಸ್ಕೂಲಿಗೆ ಹೋಗದ ಪುಟ್ಟ ಮಕ್ಕಳಿಗಂತೂ ಮನೆಯಲ್ಲಿ ನೀವೇ ತೀರ್ಮಾನಿಸಿ ಕೊಡುವುದು ಬೇಡ.

ಪ್ರಯಾಣಕ್ಕೆ ಅಂತ ತಂದ ಸ್ಟ್ರಿಪ್ಪು ಮನೆಯಲ್ಲೇ ಉಳಿದು ದಿನದ ರೂಢಿಯಾಗಿಬಿಡುವುದು ನನಗೆ ಹೆಚ್ಚು ಕಳವಳ ತರುವ ಸಂಗತಿ. ಹನ್ನೊಂದಾದರೂ ಮಗು ಮಲಗುವುದಿಲ್ಲ ಅನ್ನುವ ಮನೆಗಳಲ್ಲಿ ಸ್ವಲ್ಪ ವಿಚಾರಿಸಿದರೆ, ಅಪ್ಪ ಅಮ್ಮ ಟ್ರಾಫಿಕ್ ದಾಟಿ ಬರುವುದು ಎಂಟೂವರೆಗೆ, ಊಟ ಒಂಬತ್ತೂವರೆಗೆ, ಆಮೇಲೆ ಹಾಸಿಗೆಯಲ್ಲೇ ಫೋನು. ಜೋರು ಬೆಳಕು ಮಗುವಿನ ಸ್ವಂತ ಮೆಲಟೋನಿನ್ ಅನ್ನು ತಡೆಯುತ್ತದೆ. ಒಂದು ಕಡೆ ತಡೆದು ಇನ್ನೊಂದು ಕಡೆ ಮಾತ್ರೆ ಕೊಟ್ಟರೆ ಹೇಗೆ? ಮೊದಲು ಎರಡು ವಾರ ಹೀಗೆ ಮಾಡಿ ನೋಡಿ: ಮಗುವಿನ ಊಟ ಏಳೂವರೆಗೆ, ಎಂಟೂವರೆಯಿಂದ ದೊಡ್ಡ ಲೈಟು, ಫೋನು, ಟಿವಿ ಬಂದ್, ಭಾನುವಾರವೂ ಏಳುವ ಹೊತ್ತು ಅದೇ.

ಆಟಿಸಂ, ಎಡಿಎಚ್‌ಡಿ ಇರುವ ಮಕ್ಕಳ ವಿಷಯ ಬೇರೆ. ಅಲ್ಲಿ ತಜ್ಞರು ಮೆಲಟೋನಿನ್ ಕೊಡುತ್ತಾರೆ, ಅದಕ್ಕೆ ಆಧಾರವೂ ಇದೆ. ಆದರೂ ಎಷ್ಟು ಫಲ ಸಿಗುತ್ತದೆ ಅನ್ನುವುದು ಗೊತ್ತಿರಲಿ. ಬೆಳವಣಿಗೆಯ ತೊಂದರೆಗಳಿರುವ ಮಕ್ಕಳ ಮೇಲೆ ಬ್ರಿಟನ್ನಿನಲ್ಲಿ ನಡೆದು 2012ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಮಕ್ಕಳು ಸುಮಾರು 38 ನಿಮಿಷ ಬೇಗ ನಿದ್ದೆ ಹೋದರು. ಒಟ್ಟು ನಿದ್ದೆ ಜಾಸ್ತಿಯಾದದ್ದು ಮಾತ್ರ ಸುಮಾರು 22 ನಿಮಿಷ, ಯಾಕೆಂದರೆ ಬೆಳಿಗ್ಗೆಯೂ ಬೇಗ ಎದ್ದುಬಿಡುತ್ತಿದ್ದರು. ರಾತ್ರಿ ಮಲಗಿಸುವ ಕಷ್ಟ ಇಳಿಯುತ್ತದೆ, ಅದು ಆ ತಾಯಂದಿರಿಗೆ ದೊಡ್ಡದೇ. ನಡುರಾತ್ರಿ ಏಳುವ ತೊಂದರೆ ಇದರಿಂದ ಹೋಗುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ.

ಗಮ್ಮಿಗಳ ಬಗ್ಗೆ ಒಂದು ಎಚ್ಚರಿಕೆ. ಅಮೆರಿಕದಲ್ಲಿ 25 ಮೆಲಟೋನಿನ್ ಗಮ್ಮಿಗಳನ್ನು ತಂದು ಪರೀಕ್ಷಿಸಿದ ವರದಿ 2023ರಲ್ಲಿ ಬಂತು. ಅದರಲ್ಲಿ 22ಕ್ಕೆ ಲೇಬಲ್ಲಿನ ಅಂಕಿಯೂ ಒಳಗಿನ ಪ್ರಮಾಣವೂ ಹೊಂದಲಿಲ್ಲ. ಒಂದರಲ್ಲಿ ಬರೆದದ್ದಕ್ಕಿಂತ ಮೂರೂವರೆ ಪಟ್ಟಿನ ಹತ್ತಿರ ಇತ್ತು, ಇನ್ನೊಂದರಲ್ಲಿ ಮೆಲಟೋನಿನ್ನೇ ಇರಲಿಲ್ಲ. ನೆಂಟರು ಅಲ್ಲಿಂದ ತಂದುಕೊಟ್ಟ ಡಬ್ಬಿ ಅಂತ ಅದನ್ನು ಮಕ್ಕಳಿಗೆ ಕೊಡಬೇಡಿ. ರುಚಿ ಚಾಕಲೇಟಿನಂತೆ ಇರುವುದರಿಂದ ಮಕ್ಕಳು ತಾವೇ ತೆಗೆದು ತಿನ್ನುತ್ತಾರೆ. ಕೈಗೆ ಸಿಗದ ಕಪಾಟಿನಲ್ಲಿ ಬೀಗ ಹಾಕಿಡಿ. ಮಗು ಹೆಚ್ಚು ತಿಂದಿದೆ ಅಂತ ಗೊತ್ತಾದರೆ ಡಬ್ಬಿ ಸಮೇತ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅಲುಗಿಸಿದರೂ ಏಳದಿದ್ದರೆ, ಉಸಿರಾಟ ಸರಿಯಿಲ್ಲ ಅನ್ನಿಸಿದರೆ ತಕ್ಷಣ 108ಕ್ಕೆ ಫೋನ್ ಮಾಡಿ.

ಇದರಿಂದ ಆಗದ್ದು

ಪ್ರಯಾಣವೇ ಇಲ್ಲದೆ, ಸುಮ್ನೆ ನಿದ್ದೆ ಬರುವುದಿಲ್ಲ ಅನ್ನುವವರಿಗೆ ಮೆಲಟೋನಿನ್ ಕೊಡುವ ಫಲ ತುಂಬಾ ಸಣ್ಣದು. 2013ರಲ್ಲಿ 19 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ನಿದ್ದೆ ಬೇಗ ಹತ್ತಿದ್ದು ಸರಾಸರಿ 7 ನಿಮಿಷ, ಒಟ್ಟು ನಿದ್ದೆ ಜಾಸ್ತಿಯಾದದ್ದು 8 ನಿಮಿಷ. ಗೊರಕೆ ಹೊಡೆದು ಉಸಿರು ಕಟ್ಟಿ ಏಳುವವರಿಗೆ, ಚಿಂತೆಯಿಂದ ನಿದ್ದೆಗೆಟ್ಟವರಿಗೆ ಇದು ಉತ್ತರ ಅಲ್ಲ. ಪ್ರಯಾಣ ಮಾಡಿಬಂದವರಲ್ಲೂ ವಿಮಾನದಲ್ಲಿ ಕೂತ ಮೈಕೈ ನೋವು, ಹೊಟ್ಟೆ ಕೆಟ್ಟಿದ್ದು ಇದರಿಂದ ಹೋಗುವುದಿಲ್ಲ. ಎರಡು ವಾರ ಕಳೆದರೂ ನಿದ್ದೆ ದಾರಿಗೆ ಬರದಿದ್ದರೆ ಅದು ಜೆಟ್‌ಲ್ಯಾಗ್ ಅಲ್ಲ, ಡಾಕ್ಟರನ್ನು ಕಾಣಿ.

ಅಮೆರಿಕದಿಂದ ಬರುವವರು ಈ ಲೆಕ್ಕವನ್ನು ಹಾಗೇ ಎತ್ತಿಕೊಳ್ಳಬೇಡಿ. ನ್ಯೂಜೆರ್ಸಿ ಚಳಿಗಾಲದಲ್ಲಿ ನಮಗಿಂತ ಹತ್ತೂವರೆ ಗಂಟೆ ಹಿಂದೆ. ಅಲ್ಲಿ 7ಕ್ಕೆ ಏಳುತ್ತಿದ್ದವರಿಗೆ ತಿರುವಿನ ಹೊತ್ತು ಇಲ್ಲಿ ಮಧ್ಯಾಹ್ನ 3ಕ್ಕೆ ಬೀಳುತ್ತದೆ. ಅಲ್ಲಿಯವರೆಗೆ ಕತ್ತಲಲ್ಲಿ ಕೂರಲು ಯಾರಿಂದಲೂ ಆಗದು. ಮೊದಲ ಎರಡು ಮೂರು ದಿನ ಬೆಳಗಿನ ಬಿಸಿಲಿನಲ್ಲಿ ಹೊರಗೆ ಹೋಗಲೇಬೇಕಾದರೆ ಕನ್ನಡಕ, ಮೂರರಿಂದ ಸಂಜೆ ಆರರವರೆಗೆ ಕನ್ನಡಕ ಇಲ್ಲದೆ ಹೊರಗೆ, ರಾತ್ರಿ ಇಲ್ಲಿನ ಮಲಗುವ ಹೊತ್ತಿಗೆ ಮಾತ್ರೆ. ಅವರಿಗೆ ಒಂದು ವಾರದ ಮೇಲೆಯೇ ಬೇಕಾಗುತ್ತದೆ.

ಇನ್ನು ಲಂಡನ್ನಿಗೆ ಹೋಗುವಾಗ ಮಾತ್ರೆಯ ಗೊಡವೆ ಬೇಡ. ಸಂಜೆಯ ಬೆಳಕಿನಲ್ಲಿ ಹೊರಗಿದ್ದು, ಅಲ್ಲಿನ ಹತ್ತು ಗಂಟೆಯವರೆಗೆ ಹೇಗಾದರೂ ಎಚ್ಚರವಾಗಿದ್ದರೆ ಸಾಕು. ವಾಪಸ್ ಬರುವಾಗ ಬೇಕಾಗುತ್ತದೆ ಅನ್ನುವವರು ಮಾತ್ರೆಯನ್ನು ಇಲ್ಲೇ ಮನೆಯಲ್ಲಿ ತಂದಿಟ್ಟು ಹೋಗಿ. ಬ್ರಿಟನ್ನಿನಲ್ಲಿ ಡಾಕ್ಟರ ಚೀಟಿ ಇಲ್ಲದೆ ಅಂಗಡಿಯಲ್ಲಿ ಅದನ್ನು ಕೊಡುವುದಿಲ್ಲ.